ಜೀವಾಣು ಗೊಬ್ಬರದಲ್ಲಿ ಮಬ್ಬಿನ ಅಳತೆ ಮತ್ತು ತಟ್ಟೆ ಎಣಿಕೆ

(ಜೀವಾಣು ಗೊಬ್ಬರ ತಯಾರಿಕೆಯ ತರಬೇತಿ ಶಿಬಿರದಲ್ಲಿ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರಿಗೆ ನೀಡಿದ ಉಪನ್ಯಾಸದ ಬರಹ ರೂಪ)



ಮುಂಗಾರು ಬಿತ್ತನೆಯ ದಿನಗಳಲ್ಲಿ ಸೋಯಾ ಅವರೆ ಬೆಳೆಯುವ ರೈತರು ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಅಂಗಡಿಯಲ್ಲಿ ರೈಜೋಬಿಯಂ ದ್ರವ ಗೊಬ್ಬರದ ಎರಡು ಬಾಟಲಿಗಳಿವೆ. ಒಂದು ಮಜ್ಜಿಗೆಯಂತೆ ದಪ್ಪಗಿದೆ, ಇನ್ನೊಂದು ಅಕ್ಕಿ ತೊಳೆದ ನೀರಿನಂತೆ ತೆಳ್ಳಗಿದೆ. ಯಾವುದನ್ನು ಕೊಳ್ಳಬೇಕು? ದಪ್ಪಗಿರುವುದರಲ್ಲಿ ಜೀವಾಣು ಹೆಚ್ಚಿರಬೇಕಲ್ಲವೇ ಎಂಬುದು ಕೇಳುವವರ ಊಹೆ. ಊಹೆಯಲ್ಲಿ ತಪ್ಪೇನೂ ಇಲ್ಲ. ತಯಾರಿಕಾ ಘಟಕಗಳಲ್ಲಿ ಸಾವಿರಾರು ರೂಪಾಯಿ ಬೆಲೆಯ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರವೂ ಇದೇ ಊಹೆಯ ಮೇಲೆಯೇ ಕೆಲಸ ಮಾಡುತ್ತದೆ. ಆ ಊಹೆ ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಕೈಕೊಡುತ್ತದೆ ಎಂಬುದೇ ಇಂದಿನ ವಿಷಯ.

ನಾನು ಬೇಸಾಯ ಶಾಸ್ತ್ರದವನು, ಸೂಕ್ಷ್ಮಾಣು ಶಾಸ್ತ್ರದವನಲ್ಲ. ಆದರೆ ಬೀಜೋಪಚಾರ ಮಾಡಿಯೂ ಬೇರುಗಂಟು ಬರದ ಹೊಲವನ್ನು ನೋಡಲು ಮೊದಲು ಕರೆಯುವುದು ನಮ್ಮನ್ನೇ. ಆದ್ದರಿಂದ ಬಾಟಲಿಯೊಳಗೆ ಏನಿತ್ತು ಎಂಬ ವಿಚಾರ ನಮಗೂ ಬೇಕಾಗುತ್ತದೆ. ಸೋಯಾ ಅವರೆ ನಮ್ಮ ನೆಲಕ್ಕೆ ಹೊರಗಿನಿಂದ ಬಂದ ಬೆಳೆ. ಅದರ ಬೇರಿನಲ್ಲಿ ಗಂಟು ಕಟ್ಟುವ ಬ್ರಾಡಿರೈಜೋಬಿಯಂ ಎಂಬ ದುಂಡಾಣು, ಹಿಂದೆ ಸೋಯಾ ಬೆಳೆಯದ ಹೊಲದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಂಥ ಹೊಲದಲ್ಲಿ ಬಾಟಲಿಯೇ ಗತಿ. ಬಾಟಲಿಯಲ್ಲಿರುವುದು ಸತ್ತಿದ್ದರೆ ಆ ವರ್ಷ ಗಾಳಿಯ ಸಾರಜನಕ ಬೆಳೆಗೆ ಸಿಗುವುದಿಲ್ಲ. ಬೆಳೆ ಹಳದಿ ತಿರುಗಿದಾಗ ರೈತರು ಯೂರಿಯಾ ಚೀಲಕ್ಕೆ ಮತ್ತೆ ದುಡ್ಡು ತೆರಬೇಕಾಗುತ್ತದೆ.

ನಮ್ಮ ದೇಶದಲ್ಲಿ ಜೀವಾಣು ಗೊಬ್ಬರವನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ತರಲಾಯಿತು. ಆ ಮಾನದಂಡದ ಪ್ರಕಾರ ರೈಜೋಬಿಯಂ ಪುಡಿ ಗೊಬ್ಬರದ ಒಂದು ಗ್ರಾಮಿನಲ್ಲಿ ಕನಿಷ್ಠ 5 ಕೋಟಿ, ದ್ರವ ಗೊಬ್ಬರದ ಒಂದು ಮಿಲಿ ಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಂತ ದುಂಡಾಣುಗಳಿರಬೇಕು. 'ಜೀವಂತ' ಎಂಬ ಮಾತನ್ನು ತಾವು ನೆನಪಿನಲ್ಲಿಡಬೇಕು. ಇಷ್ಟು ಕೋಟಿ ಇವೆ ಎಂದು ತಿಳಿಯುವುದಕ್ಕೆ ಘಟಕದವರಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ದ್ರಾವಣದ ಮಬ್ಬನ್ನು ಯಂತ್ರದಲ್ಲಿ ಅಳೆಯುವುದು. ಇದಕ್ಕೆ ಎರಡು ನಿಮಿಷ ಸಾಕು. ಇನ್ನೊಂದು, ದ್ರಾವಣವನ್ನು ತೆಳುವು ಮಾಡಿ ಅಗರ್ ತಟ್ಟೆಯ ಮೇಲೆ ಹರಡಿ, ಮೂಡಿದ ಕಾಲೊನಿಗಳನ್ನು ಎಣಿಸುವುದು. ಸೋಯಾ ದುಂಡಾಣುವಿಗೆ ಇದು ಒಂದು ವಾರದ ಕೆಲಸ.

ಈ ಎರಡರ ವ್ಯತ್ಯಾಸ ತಮಗೆ ಹೊಸದಲ್ಲ. ಬಿತ್ತನೆ ಬೀಜದ ಚೀಲವನ್ನು ತಕ್ಕಡಿಗೆ ಹಾಕಿದರೆ ತೂಕ ತಿಳಿಯುತ್ತದೆ. ಆ ತೂಕದಲ್ಲಿ ಗಟ್ಟಿ ಕಾಳು, ಜೊಳ್ಳು, ಹುಳು ತಿಂದ ಕಾಳು, ಕಲ್ಲು, ಮಣ್ಣು ಎಲ್ಲವೂ ಸೇರಿರುತ್ತವೆ. ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿದರೆ ಮಾತ್ರ ಎಷ್ಟು ಹುಟ್ಟುತ್ತವೆ ಎಂಬುದು ತಿಳಿಯುತ್ತದೆ. ಸ್ಪೆಕ್ಟ್ರೋಫೋಟೋಮೀಟರ್ ನಮ್ಮ ತಕ್ಕಡಿ, ಅಗರ್ ತಟ್ಟೆ ನಮ್ಮ ಒದ್ದೆ ಗೋಣಿ.

ಯಂತ್ರ ಏನನ್ನು ನೋಡುತ್ತದೆ

ದುಂಡಾಣುವನ್ನು ಬೆಳೆಸುವ ಕ್ರಮವನ್ನು ಚುಟುಕಾಗಿ ಹೇಳುತ್ತೇನೆ. ಒಂದು ಲೀಟರ್ ನೀರಿಗೆ 10 ಗ್ರಾಂ ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತು, ಸ್ವಲ್ಪ ಯೀಸ್ಟ್ ಸಾರ ಮತ್ತು ಕೆಲವು ಲವಣಗಳನ್ನು ಸೇರಿಸಿ, ಆಟೋಕ್ಲೇವಿನಲ್ಲಿ ಕಾಯಿಸಿ ಶುದ್ಧಿ ಮಾಡಿ, ಆರಿದ ಮೇಲೆ ಮೂಲ ಸಂವರ್ಧನೆಯಿಂದ ಹೆಪ್ಪು ಹಾಕುತ್ತಾರೆ. 28 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಾಳಿ ಆಡುವಂತೆ ಅಲುಗಾಡಿಸುತ್ತಿದ್ದರೆ ತಿಳಿಯಾಗಿದ್ದ ದ್ರಾವಣ ದಿನದಿಂದ ದಿನಕ್ಕೆ ಮಬ್ಬಾಗುತ್ತ ಹೋಗುತ್ತದೆ.

ಯಂತ್ರದಲ್ಲಿ ಒಂದು ದೀಪವಿದೆ. ಅದರ ಬೆಳಕಿನಿಂದ ಒಂದೇ ಬಣ್ಣವನ್ನು ಆರಿಸಿ, ಒಂದು ಸೆಂಟಿಮೀಟರ್ ಅಗಲದ ಕ್ಯುವೆಟ್ ಎಂಬ ಚಿಕ್ಕ ಗಾಜಿನ ಪೆಟ್ಟಿಗೆಯ ಮೂಲಕ ಹಾಯಿಸಿ, ಆಚೆ ಬದಿಯ ಬೆಳಕಿನ ಕಣ್ಣಿಗೆ ಎಷ್ಟು ತಲುಪಿತು ಎಂದು ಅಳೆಯಲಾಗುತ್ತದೆ. ಸಾಮಾನ್ಯವಾಗಿ 600 ನ್ಯಾನೊಮೀಟರಿನ ಕಿತ್ತಳೆ ಬೆಳಕನ್ನು ಆರಿಸುತ್ತಾರೆ. ಯೀಸ್ಟ್ ಸಾರದಿಂದ ದ್ರಾವಣಕ್ಕೆ ಬರುವ ಹಳದಿ ಬಣ್ಣ ನೀಲಿ ಬೆಳಕನ್ನು ಹೀರುತ್ತದೆಯೇ ಹೊರತು ಕಿತ್ತಳೆಯನ್ನು ಅಷ್ಟಾಗಿ ಹೀರುವುದಿಲ್ಲ ಎಂಬುದು ಇದಕ್ಕೆ ಕಾರಣ. ಮೊದಲು ಹೆಪ್ಪು ಹಾಕದ ಬರಿಯ ದ್ರಾವಣವನ್ನಿಟ್ಟು ಸೊನ್ನೆ ಮಾಡಿಕೊಳ್ಳಬೇಕು, ಆಮೇಲೆ ಮಾದರಿಯನ್ನಿಡಬೇಕು. ಬಂದ ಅಂಕಿಗೆ ಓ.ಡಿ. ಎನ್ನುತ್ತಾರೆ. ನೂರು ಪಾಲು ಬೆಳಕಿನಲ್ಲಿ ಐವತ್ತು ಪಾಲು ಆಚೆ ತಲುಪಿದರೆ ಓ.ಡಿ. 0.30, ಹತ್ತು ಪಾಲು ತಲುಪಿದರೆ 1, ಒಂದೇ ಪಾಲು ತಲುಪಿದರೆ 2.

ಇಲ್ಲಿ ಒಂದು ಸೂಕ್ಷ್ಮವಿದೆ. ಬಣ್ಣದ ನೀರು ಬೆಳಕನ್ನು ಹೀರಿಕೊಳ್ಳುತ್ತದೆ. ಆದರೆ ದುಂಡಾಣು ಬೆಳಕನ್ನು ಹೀರುವುದು ತೀರ ಕಡಿಮೆ, ಅದು ಬೆಳಕನ್ನು ಅತ್ತಿತ್ತ ಚದುರಿಸುತ್ತದೆ. ಮಂಜು ಕವಿದ ಮುಂಜಾನೆ ಲಾರಿಯ ದೀಪ ದೂರಕ್ಕೆ ಕಾಣದಿರುವುದು ಹೀಗೆಯೇ. ಮಂಜಿನ ಹನಿ ಬೆಳಕನ್ನು ನುಂಗಿಲ್ಲ, ದಾರಿ ತಪ್ಪಿಸಿದೆ. ದಾರಿ ತಪ್ಪಿ ಕಣ್ಣಿಗೆ ಬೀಳದ ಬೆಳಕನ್ನೇ ಯಂತ್ರ ಲೆಕ್ಕಕ್ಕೆ ಹಿಡಿಯುತ್ತದೆ. ದಾರಿ ತಪ್ಪಿಸಿದ್ದು ಯಾರು ಎಂದು ಕೇಳುವ ಶಕ್ತಿ ಅದಕ್ಕಿಲ್ಲ. ಜೀವಂತ ದುಂಡಾಣುವೂ ಆಗಬಹುದು, ಸತ್ತದ್ದೂ ಆಗಬಹುದು, ಬೇರೆ ಜಾತಿಯದೂ ಆಗಬಹುದು, ಸುಣ್ಣದ ಪುಡಿಯೂ ಆಗಬಹುದು. ಕ್ಯುವೆಟ್ಟಿನ ಮೇಲೆ ಉಳಿದ ಬೆರಳಿನ ಗುರುತು ಕೂಡ ಅಂಕಿಯಲ್ಲಿ ಸೇರಿಬಿಡುತ್ತದೆ.

ಚದುರಿದ ಬೆಳಕಿನಲ್ಲಿ ಎಷ್ಟು ಭಾಗ ಆಚೆ ಕಣ್ಣಿಗೆ ಬೀಳುತ್ತದೆ ಎಂಬುದು ಆ ಕಣ್ಣಿನ ಅಗಲ, ದೂರಗಳನ್ನು ಅವಲಂಬಿಸಿದೆ. ಆದ್ದರಿಂದ ಒಂದೇ ಮಾದರಿ ಎರಡು ಕಂಪನಿಯ ಯಂತ್ರಗಳಲ್ಲಿ ಎರಡು ಅಂಕಿ ತೋರಿಸಬಹುದು. ಓ.ಡಿ. 1 ಎಂದರೆ ಇಷ್ಟು ಕೋಟಿ ಎಂದು ಪುಸ್ತಕದಲ್ಲಿ ಬರೆದಿದ್ದರೆ ಅದು ಆ ಪುಸ್ತಕದವರ ಯಂತ್ರಕ್ಕೆ, ಅವರ ದುಂಡಾಣುವಿಗೆ ಸಲ್ಲುವ ಮಾತು. ಅದನ್ನು ತಂದು ನಮ್ಮ ಘಟಕದ ಗೋಡೆಗೆ ಅಂಟಿಸಿದರೆ ಉಪಯೋಗವಿಲ್ಲ.

ಬೆಳವಣಿಗೆಯನ್ನು ಹಿಂಬಾಲಿಸುವುದು

ಹಾಗಾದರೆ ಯಂತ್ರದಿಂದ ಪ್ರಯೋಜನವೇನು ಎಂದು ತಾವು ಕೇಳಬಹುದು. ಬೆಳೆಯುತ್ತಿರುವ ದುಂಡಾಣುವಿನ ನಡಿಗೆಯನ್ನು ಗಂಟೆ ಗಂಟೆಗೂ ತಿಳಿಸುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಒಂದು ಉದಾಹರಣೆಯ ಲೆಕ್ಕ ನೋಡೋಣ. ಹೆಪ್ಪು ಹಾಕಿದಾಗ ಓ.ಡಿ. 0.05 ಇತ್ತೆನ್ನಿ. ಹತ್ತು ಗಂಟೆಯ ನಂತರ 0.10, ಇಪ್ಪತ್ತು ಗಂಟೆಗೆ 0.20, ಮೂವತ್ತು ಗಂಟೆಗೆ 0.40 ಬಂದರೆ ದುಂಡಾಣು ಹತ್ತು ಗಂಟೆಗೊಮ್ಮೆ ಇಮ್ಮಡಿಯಾಗುತ್ತಿದೆ ಎಂದರ್ಥ. ಸೋಯಾದ ಬ್ರಾಡಿರೈಜೋಬಿಯಂ ನಿಧಾನಿ, ಇಮ್ಮಡಿಯಾಗಲು 6 ಗಂಟೆಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಹೀಗಾಗಿ ಇದು ಸರಿಯಾದ ನಡಿಗೆ.

ಈಗ ಇನ್ನೊಂದು ಫರ್ಮೆಂಟರ್ ಇದೆಯೆನ್ನಿ. ಸಂಜೆ ಆರು ಗಂಟೆಗೆ ಅದರಲ್ಲೂ 0.10 ಇತ್ತು. ಬೆಳಗಿನ ಆರಕ್ಕೆ 0.23ರ ಸುಮಾರಿಗೆ ಇರಬೇಕಾಗಿತ್ತು. ಯಂತ್ರ 0.90 ತೋರಿಸಿತು. ಘಟಕಕ್ಕೆ ಹೊಸದಾಗಿ ಸೇರಿದ ಹುಡುಗ ಇಳುವರಿ ಭರ್ಜರಿಯಾಗಿದೆಯೆಂದು ಹಿಗ್ಗುತ್ತಾನೆ. ತಿಳಿದವರು ಆ ಟ್ಯಾಂಕನ್ನು ಬೇರೆ ಇಡುತ್ತಾರೆ. ಹನ್ನೆರಡು ಗಂಟೆಯಲ್ಲಿ ಒಂಬತ್ತು ಪಟ್ಟು ಬೆಳೆಯುವುದು ಈ ನಿಧಾನಿಗೆ ಸಾಧ್ಯವಿಲ್ಲ. ಒಳಗೆ ಯಾರೋ ಹೊರಗಿನವರು ಸೇರಿದ್ದಾರೆ. ಸಾಧಾರಣವಾಗಿ ಅದು ಗಾಳಿಯಿಂದ ಇಲ್ಲವೇ ಸರಿಯಾಗಿ ಕಾಯದ ದ್ರಾವಣದಿಂದ ಬಂದ, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲ ಬೇರೊಂದು ದುಂಡಾಣು. ಸಂಜೆ 0.10 ಇದ್ದಾಗಲೂ ಅದು ಒಳಗಿತ್ತು, ಆದರೆ ಕಾಣಲಿಲ್ಲ. ಒಂದು ಮಿಲಿ ಲೀಟರಿಗೆ ಒಂದು ಕೋಟಿಯ ಹತ್ತಿರ ಬರುವವರೆಗೆ ದುಂಡಾಣುಗಳು ಯಂತ್ರದ ಕಣ್ಣಿಗೆ ಹೆಚ್ಚುಕಡಿಮೆ ಬೀಳುವುದೇ ಇಲ್ಲ. ಅತಿಯಾಗಿ ಚೆನ್ನಾಗಿರುವ ಅಂಕಿಯನ್ನು ಕಡಿಮೆ ಅಂಕಿಗಿಂತ ಹೆಚ್ಚು ಅನುಮಾನದಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಇದನ್ನು ಇನ್ನೊಂದು ಬಗೆಯಲ್ಲಿ ಖಾತ್ರಿ ಮಾಡಿಕೊಳ್ಳಬಹುದು. ಮಾದರಿಯನ್ನು ಬ್ರೋಮೋಥೈಮಾಲ್ ನೀಲಿ ಬೆರೆಸಿದ ಮ್ಯಾನಿಟಾಲ್ ಅಗರ್ ಮೇಲೆ ಬೆಳೆಸಿದಾಗ ಬ್ರಾಡಿರೈಜೋಬಿಯಂ ಕ್ಷಾರ ಉಂಟುಮಾಡಿ ಹಸಿರು ಬಣ್ಣವನ್ನು ನೀಲಿಗೆ ತಿರುಗಿಸುತ್ತದೆ. ಒಂದೆರಡು ದಿನದಲ್ಲೇ ಅದು ಹಳದಿಗೆ ತಿರುಗಿದರೆ ಆಮ್ಲ ಉಂಟುಮಾಡುವ ಬೇರೆಯವರು ಸೇರಿದ್ದಾರೆಂದು ತಿಳಿಯಬೇಕು.

ಅಂಕಿ ದಾರಿ ತಪ್ಪುವ ಜಾಗಗಳು

ಮೊದಲನೆಯದು ತೀರ ಮಬ್ಬಾದ ದ್ರಾವಣ. ಓ.ಡಿ. 0.4ರ ಆಚೀಚೆ ದಾಟಿದ ಮೇಲೆ ದುಂಡಾಣು ಇಮ್ಮಡಿಯಾದರೂ ಅಂಕಿ ಇಮ್ಮಡಿಯಾಗುವುದಿಲ್ಲ. ಒಂದು ದುಂಡಾಣು ಚದುರಿಸಿದ ಬೆಳಕನ್ನು ಇನ್ನೊಂದು ಮತ್ತೆ ಚದುರಿಸಿ ಕಣ್ಣಿನ ಕಡೆಗೆ ತಿರುಗಿಸುತ್ತದೆ. ಆಗ ಬೆಳವಣಿಗೆ ನಿಂತಿತೆಂದು ಯಂತ್ರ ಹೇಳುತ್ತದೆ, ನಿಜದಲ್ಲಿ ನಿಂತಿರುವುದಿಲ್ಲ. ಪರಿಹಾರ ಸುಲಭ. ಒಂದು ಪಾಲು ಮಾದರಿಗೆ ಒಂಬತ್ತು ಪಾಲು ಬರಿಯ ದ್ರಾವಣ ಬೆರೆಸಿ ಅಳೆದು ಹತ್ತರಿಂದ ಗುಣಿಸಬೇಕು. ಹಾಗೆಯೇ ಇಟ್ಟಾಗ 1.4 ತೋರಿಸಿದ ಮಾದರಿ ತೆಳುವು ಮಾಡಿದಾಗ 0.21 ತೋರಿಸಿದರೆ ನಿಜವಾದ ಓ.ಡಿ. 2.1. ಹಾಗೆ ಮಾಡದವರ ದಾಖಲೆ ಪುಸ್ತಕದಲ್ಲಿ ಎಲ್ಲ ಟ್ಯಾಂಕುಗಳೂ 1.4ರಲ್ಲೇ ನಿಂತಿರುತ್ತವೆ. ನೋಡಿದ ಕೂಡಲೇ ಗೊತ್ತಾಗುತ್ತದೆ.

ಎರಡನೆಯದು ದುಂಡಾಣುವಲ್ಲದ ವಸ್ತು. ಕೆಲವರು ಆಮ್ಲವನ್ನು ತಡೆಯಲು ದ್ರಾವಣಕ್ಕೆ ಸುಣ್ಣದ ಪುಡಿ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಸೇರಿಸುತ್ತಾರೆ. ಅದು ಕರಗದೆ ತೇಲುತ್ತಿರುತ್ತದೆ. ಕುಲುಕಿದಾಗ ಒಂದು ಅಂಕಿ, ತಳಕ್ಕಿಳಿದ ಮೇಲೆ ಇನ್ನೊಂದು ಅಂಕಿ. ಅಂಥ ದ್ರಾವಣದಲ್ಲಿ ಮಬ್ಬನ್ನು ಅಳೆಯಲೇಬಾರದು.

ಮೂರನೆಯದು ದುಂಡಾಣು ತಾನೇ ಮಾಡಿಕೊಳ್ಳುವ ಸಂಗ್ರಹ. ಸಕ್ಕರೆಯಂಶ ಸಾಕಷ್ಟಿದ್ದು ಬೇರೆ ಪೋಷಕಾಂಶ ಮುಗಿದಾಗ ರೈಜೋಬಿಯಂ ಜಾತಿಯವು ಮರಿ ಹಾಕುವುದನ್ನು ನಿಲ್ಲಿಸಿ, ಮೈಯೊಳಗೆ ಕೊಬ್ಬಿನ ಕಾಳಿನಂಥ ಒಂದು ವಸ್ತುವನ್ನು ಕೂಡಿಡುತ್ತವೆ. ಹೊರಗೆ ಲೋಳೆಯನ್ನೂ ಸುರಿಸುತ್ತವೆ. ಆ ಕಾಳು ಬೆಳಕನ್ನು ಜೋರಾಗಿ ಚದುರಿಸುತ್ತದೆ. ಹೀಗಾಗಿ ಲೆಕ್ಕದಲ್ಲಿ ಒಂದೂ ಹೆಚ್ಚದಿದ್ದರೂ ಮಬ್ಬು ಏರುತ್ತಲೇ ಇರುತ್ತದೆ. ಮೇಲಿನ ನಮ್ಮ ಉದಾಹರಣೆಯನ್ನೇ ಮುಂದುವರಿಸಿದರೆ, ಓ.ಡಿ. 0.10 ಇದ್ದಾಗ ತಟ್ಟೆಯಲ್ಲಿ ಮಿಲಿ ಲೀಟರಿಗೆ 9 ಕೋಟಿ, 0.20 ಇದ್ದಾಗ 18 ಕೋಟಿ, 0.40 ಇದ್ದಾಗ 35 ಕೋಟಿ. ಇಲ್ಲಿಯವರೆಗೆ ಇಬ್ಬರೂ ಜೋಡೆತ್ತಿನಂತೆ ಹೆಜ್ಜೆ ಹಾಕಿದ್ದಾರೆ. ಮೂರನೆಯ ದಿನ ಓ.ಡಿ. 1.2, ಎಣಿಕೆ 80 ಕೋಟಿ. ಐದನೆಯ ದಿನ ಓ.ಡಿ. 2.1, ಎಣಿಕೆ 84 ಕೋಟಿ. ಕೊನೆಯ ಎರಡು ದಿನದಲ್ಲಿ ಮಬ್ಬು ಮುಕ್ಕಾಲು ಪಾಲು ಏರಿತು, ಜೀವ ಏರಿದ್ದು ಇಪ್ಪತ್ತರಲ್ಲಿ ಒಂದು ಪಾಲು. ಮಬ್ಬನ್ನೇ ನಂಬಿದವರು ಚೀಟಿಯ ಮೇಲೆ 180 ಕೋಟಿಗೂ ಹೆಚ್ಚು ಎಂದು ಬರೆದುಬಿಡುತ್ತಿದ್ದರು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ರೈತರಿಗೆ ನೇರವಾಗಿ ನಷ್ಟ ತರುವಂಥದು. ಸತ್ತ ದುಂಡಾಣು ಕೂಡಲೇ ಕರಗಿ ಹೋಗುವುದಿಲ್ಲ. ಅದರ ಮೈಗೋಡೆ ಗಟ್ಟಿಯಾಗಿಯೇ ಉಳಿದು, ಬದುಕಿದ್ದಾಗ ಎಷ್ಟು ಬೆಳಕನ್ನು ಚದುರಿಸುತ್ತಿತ್ತೋ ಹೆಚ್ಚುಕಡಿಮೆ ಅಷ್ಟನ್ನೇ ಚದುರಿಸುತ್ತಿರುತ್ತದೆ. ಇಂದು ಬೆಳಿಗ್ಗೆ ತಮ್ಮೆದುರಿಗೇ ಒಂದು ಸಂವರ್ಧನೆಯನ್ನು ಎರಡು ಕೊಳವೆಗೆ ಹಂಚಿ, ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು 65 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟೆವು. ಎರಡನ್ನೂ ತಾವೇ ಯಂತ್ರದಲ್ಲಿ ಅಳೆದು ನೋಡಿದಿರಿ. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೈಜೋಬಿಯಂ ಬೀಜಕಣ ಕಟ್ಟುವ ಜಾತಿಯಲ್ಲವಾದ್ದರಿಂದ ಆ ಬಿಸಿಗೆ ಬದುಕುವುದಿಲ್ಲ. ಎರಡರಿಂದಲೂ ತಟ್ಟೆ ಹಾಕಿದ್ದೇವೆ. ಶಿಬಿರ ಮುಗಿಯುವ ದಿನ ತಟ್ಟೆಗಳನ್ನು ನೋಡಿಕೊಂಡು ಹೋಗಬೇಕೆಂದು ಕೋರುತ್ತೇನೆ.

ತಟ್ಟೆ ಎಣಿಕೆಯ ಲೆಕ್ಕ

ತಟ್ಟೆ ಎಣಿಕೆಗೆ ದೊಡ್ಡ ಯಂತ್ರ ಬೇಕಿಲ್ಲ, ಶುದ್ಧವಾದ ಕೈ ಮತ್ತು ತಾಳ್ಮೆ ಬೇಕು. ಒಂದು ಮಿಲಿ ಲೀಟರ್ ಮಾದರಿಯನ್ನು 9 ಮಿ.ಲೀ. ಶುದ್ಧ ನೀರಿರುವ ಕೊಳವೆಗೆ ಹಾಕಿ ಚೆನ್ನಾಗಿ ಕುಲುಕಬೇಕು. ಅದರಿಂದ ಒಂದು ಮಿ.ಲೀ. ತೆಗೆದು ಮುಂದಿನ ಕೊಳವೆಗೆ ಹಾಕಬೇಕು. ಹೀಗೆ ಆರು ಕೊಳವೆ ದಾಟಿದರೆ ಮಾದರಿ ಹತ್ತು ಲಕ್ಷ ಪಟ್ಟು ತೆಳುವಾಗುತ್ತದೆ. ಪ್ರತಿ ಕೊಳವೆಗೂ ಹೊಸ ಪಿಪೆಟ್ ಇರಬೇಕು. ಒಂದೇ ಪಿಪೆಟ್ ಬಳಸಿದರೆ ಮೊದಲಿನ ಗಟ್ಟಿ ಮಾದರಿಯ ತೊಟ್ಟು ಕೊನೆಯ ಕೊಳವೆಯವರೆಗೂ ಅಂಟಿಕೊಂಡು ಹೋಗಿ ಎಣಿಕೆ ಉಬ್ಬುತ್ತದೆ. ಕೊನೆಯ ಕೊಳವೆಯಿಂದ 0.1 ಮಿ.ಲೀ. ತೆಗೆದು ಕಾಂಗೊ ಕೆಂಪು ಬಣ್ಣ ಬೆರೆಸಿದ ಯೀಸ್ಟ್ ಮ್ಯಾನಿಟಾಲ್ ಅಗರ್ ತಟ್ಟೆಯ ಮೇಲೆ ಹರಡಬೇಕು. ಇಂಥ ಮೂರು ತಟ್ಟೆ ಮಾಡಿ 28 ಡಿಗ್ರಿಯಲ್ಲಿ ಇಡಬೇಕು. ಬದುಕಿರುವ ಪ್ರತಿಯೊಂದು ದುಂಡಾಣುವೂ ಕೂತಲ್ಲೇ ಮರಿ ಹಾಕಿ ಬರಿಗಣ್ಣಿಗೆ ಕಾಣುವ ಒಂದು ಕಾಲೊನಿಯಾಗುತ್ತದೆ. ರೈಜೋಬಿಯಂ ಕಾಲೊನಿ ಬಣ್ಣವನ್ನು ಅಷ್ಟಾಗಿ ಹೀರದೆ ಬೆಳ್ಳಗೆ ಇಲ್ಲವೇ ತೆಳು ಗುಲಾಬಿಯಾಗಿ ಉಳಿಯುತ್ತದೆ. ಕಲಬೆರಕೆಯವು ಅನೇಕ ವೇಳೆ ಕೆಂಪಗಾಗುತ್ತವೆ. ಯಂತ್ರ ಹೇಳಲಾರದ ಸಂಗತಿಯನ್ನು ತಟ್ಟೆ ಬಣ್ಣದಲ್ಲೇ ತೋರಿಸುತ್ತದೆ.

ಐದನೆಯ ದಿನ ತುಂಬಿದ ಬಾಟಲಿಯ ಮೂರು ತಟ್ಟೆಗಳಲ್ಲಿ 84, 91, 77 ಕಾಲೊನಿ ಬಂದುವೆನ್ನಿ. ಸರಾಸರಿ 84. ಹರಡಿದ್ದು 0.1 ಮಿ.ಲೀ. ಆದ್ದರಿಂದ ಹತ್ತರಿಂದ, ತೆಳುವು ಮಾಡಿದ್ದು ಹತ್ತು ಲಕ್ಷ ಪಟ್ಟು ಆದ್ದರಿಂದ ಹತ್ತು ಲಕ್ಷದಿಂದ ಗುಣಿಸಿದರೆ ಮಿಲಿ ಲೀಟರಿಗೆ 84 ಕೋಟಿ. ಮಾನದಂಡದ 10 ಕೋಟಿಗಿಂತ ಬಹಳ ಮೇಲಿದೆ.

ಆ ಬಾಟಲಿ ತಗಡಿನ ಚಾವಣಿಯ ಗೋದಾಮಿನಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಕಳೆದು ಜೂನಿನಲ್ಲಿ ರೈತರ ಕೈಗೆ ಬಂತೆನ್ನಿ. ಯಂತ್ರದಲ್ಲಿಟ್ಟರೆ ಓ.ಡಿ. 2.0, ಅಂದರೆ ಮೊದಲಿನಂತೆಯೇ. ಕಣ್ಣಿಗೂ ಅದೇ ಮಜ್ಜಿಗೆ. ಹತ್ತು ಲಕ್ಷ ಪಟ್ಟು ತೆಳುವು ಮಾಡಿ ತಟ್ಟೆ ಹಾಕಿದರೆ ಎರಡು ತಟ್ಟೆ ಖಾಲಿ, ಮೂರನೆಯದರಲ್ಲಿ ಒಂದೇ ಕಾಲೊನಿ. ಒಂದು ಎರಡು ಕಾಲೊನಿಯ ಮೇಲೆ ಲೆಕ್ಕ ಕಟ್ಟಬಾರದು, ತಟ್ಟೆಯಲ್ಲಿ 30ರಿಂದ 300 ಕಾಲೊನಿ ಇದ್ದರೆ ಮಾತ್ರ ಎಣಿಕೆ ನಂಬತಕ್ಕದ್ದು. ಹತ್ತು ಸಾವಿರ ಪಟ್ಟು ತೆಳುವು ಮಾಡಿದ ತಟ್ಟೆಗಳಲ್ಲಿ ಸರಾಸರಿ 42 ಸಿಕ್ಕಿದರೆ ಮಿಲಿ ಲೀಟರಿಗೆ 42 ಲಕ್ಷವಾಯಿತು. 84 ಕೋಟಿ ಇದ್ದದ್ದು 42 ಲಕ್ಷಕ್ಕೆ ಇಳಿದಿದೆ, ಇನ್ನೂರರಲ್ಲಿ ಒಂದು ಉಳಿದಿದೆ.

ಇದು ಹೊಲದಲ್ಲಿ ಏನಾಗುತ್ತದೆ ನೋಡಿ. ಒಂದು ಕಿಲೊ ಸೋಯಾದಲ್ಲಿ ಸುಮಾರು 8 ಸಾವಿರ ಬೀಜ. ಕಿಲೊಗೆ 5 ಮಿ.ಲೀ. ಲೇಪಿಸಿದರೆ ಹೊಸ ಬಾಟಲಿಯಿಂದ ಒಂದೊಂದು ಬೀಜಕ್ಕೆ 5 ಲಕ್ಷಕ್ಕೂ ಹೆಚ್ಚು ದುಂಡಾಣು ಸಿಗುತ್ತದೆ. ಬೆಂದ ಬಾಟಲಿಯಿಂದ ಸಿಗುವುದು ಎರಡೂವರೆ ಸಾವಿರದಷ್ಟು. ಬೀಜ ಒಣಗುವಾಗ, ಮಣ್ಣಿಗೆ ಬಿದ್ದು ಮಳೆಗೆ ಕಾಯುವಾಗ ಇವುಗಳಲ್ಲೂ ಬಹುಪಾಲು ಸಾಯುತ್ತವೆ. ಸೋಯಾಕ್ಕೆ ಬೀಜವೊಂದಕ್ಕೆ ಕನಿಷ್ಠ 1 ಲಕ್ಷ ಇರಲಿ ಎಂಬ ಮಾತು ಹೊರದೇಶಗಳ ಮಾನದಂಡಗಳಲ್ಲಿ ಇರುವುದು ಇದಕ್ಕಾಗಿಯೇ.

ತಟ್ಟೆಯೂ ಪೂರ್ಣ ಸತ್ಯ ಹೇಳುವುದಿಲ್ಲ

ಹಾಗೆಂದು ತಟ್ಟೆಯನ್ನು ಕಣ್ಣುಮುಚ್ಚಿ ನಂಬಬೇಕೆಂದಲ್ಲ. ಲೋಳೆಯಿಂದ ಅಂಟಿಕೊಂಡ ಹತ್ತು ದುಂಡಾಣು ಒಂದೇ ಕಡೆ ಕೂತರೆ ಒಂದೇ ಕಾಲೊನಿಯಾಗಿ ಎಣಿಕೆಗೆ ಬರುತ್ತವೆ. ಕುಲುಕುವುದು ಸಾಲದಿದ್ದರೆ ಒಳ್ಳೆಯ ಗೊಬ್ಬರವೂ ಕಳಪೆಯಂತೆ ಕಾಣಬಹುದು. ಮೂರು ತಟ್ಟೆಗಳ ಎಣಿಕೆ ಒಂದಕ್ಕೊಂದು ತಾಳೆಯಾಗದೆ 20, 140, 60 ಎಂದು ಚೆಲ್ಲಾಪಿಲ್ಲಿಯಾಗಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನು. ಬಿಸಿ ಆರದ ಅಗರನ್ನು ಮಾದರಿಯ ಮೇಲೆ ಸುರಿಯುವ ಪದ್ಧತಿಯಲ್ಲಿ ಬಿಸಿಗೇ ಕೆಲವು ಸಾಯುತ್ತವೆ. ಆದ್ದರಿಂದ ಹರಡುವ ಪದ್ಧತಿ ಮೇಲು.

ಸೋಯಾ ದುಂಡಾಣುವಿನಲ್ಲಿ ಆತುರವೇ ದೊಡ್ಡ ಶತ್ರು. ಮೂರನೆಯ ದಿನ ತಟ್ಟೆ ತೆರೆದರೆ ನಿಧಾನಿಯ ಕಾಲೊನಿ ಕಣ್ಣಿಗೇ ಬೀಳುವುದಿಲ್ಲ. ಆ ದಿನ ಕಾಣುವುದು ಕಲಬೆರಕೆಯವು ಮಾತ್ರ. ಅವನ್ನೇ ಎಣಿಸಿ ಉತ್ತಮ ಎಂದು ಬರೆಯುವವರೂ ಇದ್ದಾರೆ, ಏನೂ ಇಲ್ಲವೆಂದು ಒಳ್ಳೆಯ ಸರಕನ್ನು ಚೆಲ್ಲುವವರೂ ಇದ್ದಾರೆ. ಮೂರನೆಯ ದಿನ ಒಮ್ಮೆ ನೋಡಿ ಮೂಡಿರುವುದನ್ನು ಕಲಬೆರಕೆಯೆಂದು ತಟ್ಟೆಯ ಹಿಂದೆ ಗುರುತು ಹಾಕಿ, ಏಳನೆಯ ದಿನದ ನಂತರ ಮೂಡಿದ ಚಿಕ್ಕ ಬಿಳಿ ಕಾಲೊನಿಗಳನ್ನು ಎಣಿಸುವುದು ಸರಿಯಾದ ರೂಢಿ.

ಘಟಕಗಳಲ್ಲಿ ಎರಡನ್ನೂ ಹೊಂದಿಸಿಕೊಳ್ಳುವುದು

ರೈತ ಉತ್ಪಾದಕ ಸಂಘಗಳಲ್ಲಿ ಜೀವಾಣು ಗೊಬ್ಬರದ ಘಟಕ ತೆರೆಯಬೇಕೆಂದಿರುವ ಕಾರ್ಯಕರ್ತರು ಇಲ್ಲಿ ಹಲವರಿದ್ದೀರಿ. ತಮಗೆ ನಾನು ಹೇಳತಕ್ಕದ್ದೇನೆಂದರೆ, ಮೊದಲ ನಾಲ್ಕೈದು ಟ್ಯಾಂಕುಗಳಲ್ಲಿ ದಿನಕ್ಕೆರಡು ಬಾರಿ ಮಬ್ಬನ್ನೂ ಅಳೆಯಿರಿ, ಅದೇ ಮಾದರಿಯಿಂದ ತಟ್ಟೆಯನ್ನೂ ಹಾಕಿರಿ. ಎರಡನ್ನೂ ಗ್ರಾಫ್ ಹಾಳೆಯಲ್ಲಿ ಒಂದರ ಎದುರು ಒಂದನ್ನು ಗುರುತಿಸಿದರೆ, ಮೊದಮೊದಲು ನೇರ ಗೆರೆ ಸಿಗುತ್ತದೆ, ಆಮೇಲೆ ಅದು ಬಾಗುತ್ತದೆ. ನೇರವಾಗಿರುವ ಭಾಗ ಮಾತ್ರ ತಮ್ಮ ಉಪಯೋಗಕ್ಕೆ. ದುಂಡಾಣುವಿನ ತಳಿ ಬದಲಾದರೆ, ದ್ರಾವಣದ ಸಕ್ಕರೆ ಬದಲಾದರೆ, ಯಂತ್ರ ಬದಲಾದರೆ ಆ ಗೆರೆಯನ್ನು ಹೊಸದಾಗಿ ಹಾಕಬೇಕು. ಮ್ಯಾನಿಟಾಲ್ ದುಬಾರಿಯೆಂದು ಬೆಲ್ಲಕ್ಕೆ ಹೋದವರು ಹಳೆಯ ಗೆರೆಯನ್ನೇ ಇಟ್ಟುಕೊಳ್ಳುವುದುಂಟು. ಬೆಲ್ಲದ ಕಂದು ಬಣ್ಣ ಮತ್ತು ಗಸಿ ಎರಡೂ ಅಂಕಿಯಲ್ಲಿ ಕೂತಿರುತ್ತವೆ.

ಟ್ಯಾಂಕಿನಿಂದ ಬಾಟಲಿಗೆ ತುಂಬುವ ಸಮಯ ಯಾವುದು ಎಂಬುದನ್ನು ಮಬ್ಬು ತಿಳಿಸಲಿ. ಏಕೆಂದರೆ ತಟ್ಟೆಯ ಉತ್ತರ ಬರುವ ಹೊತ್ತಿಗೆ ಟ್ಯಾಂಕು ಹಳಸಿರುತ್ತದೆ. ಆದರೆ ತಟ್ಟೆಯ ಉತ್ತರ ಬರುವವರೆಗೆ ಬಾಟಲಿ ಘಟಕದ ಬಾಗಿಲು ದಾಟಬಾರದು. ಬಾಟಲಿಗೆ ತುಂಬಿದ ಮೇಲೆ ಯಂತ್ರದ ಕೆಲಸ ಮುಗಿಯಿತು. ಪ್ರತಿ ತಂಡದಿಂದ ಕೆಲವು ಬಾಟಲಿಗಳನ್ನು, ಘಟಕದ ತಂಪು ಕೋಣೆಯಲ್ಲಲ್ಲ, ಅಂಗಡಿಯಲ್ಲಿ ಇರುವಂಥ ಬಿಸಿಯಲ್ಲೇ ಇಟ್ಟು ತಿಂಗಳಿಗೊಮ್ಮೆ ತಟ್ಟೆ ಹಾಕಿ ನೋಡಬೇಕು. ಚೀಟಿಯ ಮೇಲೆ ಮುದ್ರಿಸುವ ಅವಧಿಯನ್ನು ಆ ಎಣಿಕೆಯಿಂದ ತೀರ್ಮಾನಿಸಬೇಕು.

ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳು

ಬೆಳಗಾವಿ ಕಡೆಯ ರೈತರೊಬ್ಬರು, "ನಮ್ಮಲ್ಲಿ ಯಂತ್ರವೂ ಇಲ್ಲ, ತಟ್ಟೆಯೂ ಇಲ್ಲ, ಅಂಗಡಿಯಲ್ಲಿ ನಿಂತು ನಾವೇನು ನೋಡಬೇಕ್ರಿ?" ಎಂದು ಕೇಳಿದರು. ದಪ್ಪ ತೆಳುವು ನೋಡಬೇಡಿ. ತಯಾರಾದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಯಾವ ಬೆಳೆಯ ರೈಜೋಬಿಯಂ ಎಂಬುದನ್ನು ನೋಡಿ. ಕಡಲೆಯ ರೈಜೋಬಿಯಂ ಸೋಯಾಕ್ಕೆ ಆಗುವುದಿಲ್ಲ. ಬಾಟಲಿಗಳನ್ನು ಅಂಗಡಿಯವರು ಎಲ್ಲಿಟ್ಟಿದ್ದಾರೆ ಎಂದೂ ನೋಡಿ. ಬಿಸಿಲು ಬೀಳುವ ಕಪಾಟಿನಲ್ಲಿ, ಕೀಟನಾಶಕದ ಡಬ್ಬಿಗಳ ಪಕ್ಕದಲ್ಲಿ ಇದ್ದರೆ ಬೇರೆ ಅಂಗಡಿಗೆ ಹೋಗುವುದು ಲೇಸು. ಮುಚ್ಚಳ ತೆರೆದಾಗ ಗಾಳಿ ನುಗ್ಗಿ ಬಂದರೆ, ಕೊಳೆತ ವಾಸನೆ ಬಂದರೆ ಒಳಗೆ ಬೇರೆಯವರು ಬೆಳೆದಿದ್ದಾರೆ.

"ಹಚ್ಚಿದ ಮೇಲೆ ಅದು ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ?" ಎಂದು ಇನ್ನೊಬ್ಬರ ಪ್ರಶ್ನೆ. ಅದಕ್ಕೆ ಬೇರಿಗಿಂತ ಒಳ್ಳೆಯ ತಟ್ಟೆಯಿಲ್ಲ. ಬಿತ್ತಿದ 35ರಿಂದ 40 ದಿನಕ್ಕೆ ಹೊಲದ ಬೇರೆ ಬೇರೆ ಕಡೆಯಿಂದ ಹತ್ತು ಗಿಡಗಳನ್ನು ಸಲಿಕೆಯಿಂದ ಮಣ್ಣುಸಹಿತ ಅಗೆದು ತೆಗೆಯಿರಿ. ಕೈಯಿಂದ ಕೀಳಬೇಡಿ, ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಬಕೆಟ್ ನೀರಿನಲ್ಲಿ ನಿಧಾನವಾಗಿ ಅದ್ದಿ ಮಣ್ಣು ಬಿಡಿಸಿರಿ. ತಾಯಿಬೇರಿನ ಮೇಲ್ಭಾಗದಲ್ಲಿ, ಬೀಜವಿದ್ದ ಜಾಗದ ಸುತ್ತ, ಗಂಟುಗಳು ಗೊಂಚಲಾಗಿದ್ದರೆ ಅವು ಬಹುಮಟ್ಟಿಗೆ ನಾವು ಹಚ್ಚಿದ ದುಂಡಾಣುವಿನವು. ಗಂಟನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ಗುಲಾಬಿ ಇಲ್ಲವೇ ಕೆಂಪು ಬಣ್ಣವಿದ್ದರೆ ಅದು ಸಾರಜನಕ ಹಿಡಿಯುತ್ತಿದೆ. ಬಿಳಿ ಇಲ್ಲವೇ ಹಸಿರಿದ್ದರೆ ಗಂಟು ಇದ್ದೂ ಕೆಲಸವಿಲ್ಲ. ಹತ್ತು ಗಿಡಗಳಲ್ಲೂ ಗಂಟೇ ಇಲ್ಲದಿದ್ದರೆ ಖಾಲಿ ಬಾಟಲಿಯನ್ನು ಬಿಸಾಡದೆ, ಅದರ ಮೇಲಿನ ತಂಡದ ಸಂಖ್ಯೆಯೊಂದಿಗೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ಯಿರಿ. ಆ ತಂಡದ ತೆರೆಯದ ಬಾಟಲಿ ಅಂಗಡಿಯಲ್ಲಿ ಇನ್ನೂ ಉಳಿದಿದ್ದರೆ ಅದನ್ನು ತಟ್ಟೆ ಎಣಿಕೆಗೆ ಕಳುಹಿಸಬಹುದು. ಒಂದು ವಾರದಲ್ಲಿ ಉತ್ತರ ಸಿಗುತ್ತದೆ.